ಮೂರು ವರ್ಷದಲ್ಲಿ ಸ್ಟೋರ್ ಮ್ಯಾನೇಜರ್? ಲೆಕ್ಕ ಹಾಕಿ ನೋಡೋಣ

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿದ್ದೇನೆ. ಒಂದು ದೊಡ್ಡ ರೆಡಿಮೇಡ್ ಬಟ್ಟೆ ಮಳಿಗೆಯವರು ‘ಸ್ಟೋರ್ ಮ್ಯಾನೇಜ್‌ಮೆಂಟ್ ಟ್ರೇನಿ’ ಅಂತ ಆಫರ್ ಕೊಟ್ಟಿದ್ದಾರೆ. ಒಂದು ವರ್ಷ ತರಬೇತಿ, ಕೈಗೆ 19 ಸಾವಿರ, ಮೊದಲ ಪೋಸ್ಟಿಂಗ್ ಹುಬ್ಬಳ್ಳಿ. ಮೂರು ವರ್ಷದಲ್ಲಿ ಸ್ಟೋರ್ ಮ್ಯಾನೇಜರ್ ಆಗಬಹುದು ಅಂದರು. ನಮ್ಮಮ್ಮ ‘ಅಂಗಡೀಲಿ ಬಟ್ಟೆ ಮಡಿಸೋಕೆ ಡಿಗ್ರಿ ಬೇಕಿತ್ತಾ’ ಅಂತಾರೆ. ಟಾರ್ಗೆಟ್ ಒತ್ತಡ ಹೇಗಿರುತ್ತೆ, ಶಿಫ್ಟ್ ಹೇಗೆ, ಆ ಮೂರು ವರ್ಷದ ಮಾತು ನಿಜವಾ? ದಯವಿಟ್ಟು ಬಿಚ್ಚಿ ಹೇಳಿ.

ಉತ್ತರ:

ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಮೊದಲ ಮೂರು ತಿಂಗಳು ನೀವು ಬಟ್ಟೆ ಮಡಿಸುತ್ತೀರಿ. ಶನಿವಾರ ಸಂಜೆ ಟ್ರಯಲ್ ರೂಮಿನ ಬಾಗಿಲಲ್ಲಿ ನಿಂತು, ಗ್ರಾಹಕರು ಬೇಡವೆಂದು ಬಿಟ್ಟುಹೋದ ಪ್ಯಾಂಟುಗಳನ್ನು ಒಂದೊಂದಾಗಿ ಹ್ಯಾಂಗರಿಗೆ ಹಾಕಿ ಅದರದರ ಜಾಗಕ್ಕೆ ಸೇರಿಸುತ್ತೀರಿ. ನಾನೂ ಹಾಗೇ ಶುರು ಮಾಡಿದವನು. ಆಮೇಲೆ ಬಟ್ಟೆ ಮಳಿಗೆಗಳಲ್ಲೂ ಕಿರಾಣಿ ಸೂಪರ್ ಮಾರ್ಕೆಟ್‌ನಲ್ಲೂ ಮ್ಯಾನೇಜರ್ ಆಗಿದ್ದೆ, ಈಗ ನಿಮ್ಮಂಥವರಿಗೆ ತರಬೇತಿ ಕೊಡುತ್ತೇನೆ. ಹಾಗಾಗಿ ಕಂಪನಿಯ ಪರವಾಗಿಯೂ ಅಲ್ಲ, ವಿರುದ್ಧವಾಗಿಯೂ ಅಲ್ಲ, ಕಂಡದ್ದನ್ನು ಹೇಳುತ್ತೇನೆ.

ಟಾರ್ಗೆಟ್ ಎಂದಾಗ ನಿಮ್ಮ ಕಣ್ಣಿಗೆ ಬರುವುದು ಇನ್ಶೂರೆನ್ಸ್ ಮಾರುವವರ ಪಾಡು ಇರಬಹುದು. ಮಳಿಗೆಯಲ್ಲಿ ಹಾಗಿಲ್ಲ. ಗಿರಾಕಿ ತಾನಾಗೇ ಬಾಗಿಲೊಳಗೆ ಬಂದಿರುತ್ತಾನೆ, ನೀವು ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಟ್ರೇನಿಗಳು ಸೋಲುವುದು ಮಾರಾಟದಲ್ಲಿ ಅಲ್ಲ, ಟಾರ್ಗೆಟ್ಟನ್ನು ಓದಲು ಬಾರದೆ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ನಿಮಗೆ ಗಂಡಸರ ವಿಭಾಗ ಕೊಟ್ಟಿದ್ದಾರೆ, ತಿಂಗಳ ಟಾರ್ಗೆಟ್ 19 ಲಕ್ಷ ಎಂದುಕೊಳ್ಳಿ. 30 ದಿನದ ತಿಂಗಳು, 1ನೇ ತಾರೀಕು ಸೋಮವಾರ. 12ನೇ ತಾರೀಕು ರಾತ್ರಿ ಲೆಕ್ಕ ನೋಡಿದರೆ 7 ಲಕ್ಷ 10 ಸಾವಿರ ಆಗಿದೆ. 19 ಲಕ್ಷವನ್ನು 30ರಿಂದ ಭಾಗಿಸಿ 12ರಿಂದ ಗುಣಿಸಿದವರಿಗೆ 7 ಲಕ್ಷ 60 ಸಾವಿರ ಬರಬೇಕಿತ್ತು ಎನಿಸುತ್ತದೆ, 50 ಸಾವಿರ ಹಿಂದೆ ಬಿದ್ದಿದ್ದೀರಿ ಎಂದು ಬೆಳಗಿನ ಬ್ರೀಫಿಂಗ್‌ನಲ್ಲಿ ಬೈಗುಳ ಬೀಳುತ್ತದೆ. ಆದರೆ ಮಂಗಳವಾರಕ್ಕೂ ಭಾನುವಾರಕ್ಕೂ ಒಂದೇ ವ್ಯಾಪಾರ ಎಲ್ಲಿ ಆಗುತ್ತದೆ? ನಿಮ್ಮ ಮಳಿಗೆಯಲ್ಲಿ ಶನಿವಾರ, ಭಾನುವಾರ ವಾರದ ದಿನದ ಎರಡರಷ್ಟು ಆಗುತ್ತದೆ ಎಂದಿಟ್ಟುಕೊಳ್ಳಿ. ಆಗ ಆ ತಿಂಗಳಲ್ಲಿ 22 ಸಾದಾ ದಿನ, 8 ವಾರಾಂತ್ಯದ ದಿನ. ಸಾದಾ ದಿನಕ್ಕೆ 50 ಸಾವಿರ, ವಾರಾಂತ್ಯದ ದಿನಕ್ಕೆ 1 ಲಕ್ಷ ಇಟ್ಟರೆ 11 ಲಕ್ಷ ಮತ್ತು 8 ಲಕ್ಷ, ಒಟ್ಟು 19 ಸರಿಹೋಯಿತು. 12ನೇ ತಾರೀಕಿನವರೆಗೆ ಬಂದಿರುವುದು 10 ಸಾದಾ ದಿನ, ಒಂದೇ ಒಂದು ವಾರಾಂತ್ಯ. ಅಂದರೆ ಆಗಬೇಕಿದ್ದದ್ದು 7 ಲಕ್ಷ. ನೀವು 10 ಸಾವಿರ ಮುಂದೆ ಇದ್ದೀರಿ. ಈ ಒಂದು ಲೆಕ್ಕವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡ ಟ್ರೇನಿ ಬ್ರೀಫಿಂಗ್‌ನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಹಬ್ಬದ ಲೆಕ್ಕ ಇದಕ್ಕಿಂತ ಮೋಸದ್ದು. ಹೆಚ್ಚಿನ ಕಂಪನಿಗಳು ಹೋದ ವರ್ಷದ ಅದೇ ತಿಂಗಳ ಮಾರಾಟಕ್ಕೆ ಇಂತಿಷ್ಟು ಎಂದು ಸೇರಿಸಿ ಈ ವರ್ಷದ ಟಾರ್ಗೆಟ್ ಇಡುತ್ತವೆ. ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳಿಗೆ ಕಟ್ಟುಬಿದ್ದವಲ್ಲ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ಅದರ ಬೆನ್ನಿಗೇ ರಂಜಾನ್. ಎರಡೂ ಹಬ್ಬದ ಬಟ್ಟೆ ವ್ಯಾಪಾರದ ದೊಡ್ಡ ಪಾಲು ಏಪ್ರಿಲ್ ಮೊದಲ ವಾರದಲ್ಲಿ ಬಿತ್ತು. 2025ರಲ್ಲಿ ಯುಗಾದಿ ಮಾರ್ಚ್ 30, ರಂಜಾನ್ ಮಾರ್ಚ್ 31. ಏಪ್ರಿಲ್ ಬರುವಷ್ಟರಲ್ಲಿ ಊರೆಲ್ಲ ಹೊಸ ಬಟ್ಟೆ ಕೊಂಡು ಮುಗಿಸಿತ್ತು. ಹಿಂದಿನ ಏಪ್ರಿಲ್ ನೋಡಿ ಟಾರ್ಗೆಟ್ ಹಾಕಿಸಿಕೊಂಡ ಮ್ಯಾನೇಜರ್ ಆ ತಿಂಗಳು ಏನು ಮಾಡಿದರೂ ಮುಟ್ಟಲಾರ. ಒಳ್ಳೆಯ ಕಂಪನಿಗಳು ಹಬ್ಬದ ತಾರೀಕು ಹೊಂದಿಸಿಯೇ ಟಾರ್ಗೆಟ್ ಕೊಡುತ್ತವೆ. ಹೊಂದಿಸದಿದ್ದರೆ ಟಾರ್ಗೆಟ್ ಬಂದ ದಿನವೇ ಕ್ಯಾಲೆಂಡರ್ ಹಿಡಿದು ಮೇಲ್ ಬರೆಯಬೇಕು, ತಿಂಗಳು ಮುಗಿದ ಮೇಲೆ ಹೇಳಿದರೆ ಅದು ನೆಪ ಅನ್ನಿಸಿಕೊಳ್ಳುತ್ತದೆ.

ಇನ್ನು ದಿನದ ಟಾರ್ಗೆಟ್ ತಪ್ಪಿದಾಗ ಏಕೆ ತಪ್ಪಿತು ಎಂದು ಹುಡುಕುವ ದಾರಿ. ಮಳಿಗೆಯ ಮಾರಾಟ ಮೂರು ಸಂಖ್ಯೆಗಳ ಗುಣಾಕಾರ: ಒಳಗೆ ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಬಿಲ್ ಆಯಿತು, ಒಂದು ಬಿಲ್ ಸರಾಸರಿ ಎಷ್ಟು ರೂಪಾಯಿ. ಮೊದಲನೆಯದಕ್ಕೆ ವಾಕ್‌ಇನ್ ಅಂತಾರೆ, ಬಾಗಿಲ ಮೇಲಿನ ಕೌಂಟರ್ ಅದನ್ನು ಎಣಿಸುತ್ತದೆ. ಎರಡನೆಯದು ಕನ್ವರ್ಷನ್. 160 ಜನ ಬಂದು, ನೂರಕ್ಕೆ 25ರಂತೆ 40 ಬಿಲ್ ಆಗಿ, ಬಿಲ್ಲಿಗೆ 1,250 ಬಂದರೆ ನಿಮ್ಮ 50 ಸಾವಿರ ಸಿಕ್ಕಿತು.

ಬುಧವಾರ ರಾತ್ರಿ 39 ಸಾವಿರಕ್ಕೆ ನಿಂತಿದೆ ಅನ್ನಿ. ರಿಪೋರ್ಟ್ ತೆಗೆದು ನೋಡಿದರೆ ಬಂದವರು 165, ಬಿಲ್ 31, ಸರಾಸರಿ 1,260. ಜನ ಬಂದಿದ್ದಾರೆ, ಕೊಂಡವರು ಎಂದಿನಷ್ಟೇ ಖರ್ಚು ಮಾಡಿದ್ದಾರೆ, ಆದರೆ ಕೊಳ್ಳದೆ ಹೊರಟವರು ಜಾಸ್ತಿ. ಇಂಥ ರಿಪೋರ್ಟ್ ಕಂಡ ಕೂಡಲೇ ನಾನು ಶರ್ಟಿನ ರ‍್ಯಾಕ್ ಮುಂದೆ ಹೋಗಿ ಕಾಲರ್ ಒಳಗಿನ ಸೈಜ್ ಓದುತ್ತಾ ಬರುತ್ತಿದ್ದೆ. 38, 38, 44, 44, 38. ನಡುವಿನ 40 ಮತ್ತು 42 ಖಾಲಿ. ಹೆಚ್ಚು ಜನ ಹಾಕುವ ಸೈಜೇ ಅವೆರಡು. ಕಂಪ್ಯೂಟರ್ ಕೇಳಿದರೆ 40ರಲ್ಲಿ 22 ಪೀಸ್ ಇದೆ ಎನ್ನುತ್ತದೆ. ಎಲ್ಲಿ? ಸ್ಟಾಕ್ ರೂಮಿನಲ್ಲಿ, ಸೋಮವಾರ ಬಂದ ಕಾರ್ಟನ್ ಟೇಪೂ ಬಿಚ್ಚದೆ ಕೂತಿದೆ. ಮಾರಾಟದ ಹುಡುಗರಿಗೆ ‘ಜೋರಾಗಿ ಮಾತಾಡಿ, ನಗಿ’ ಅಂದರೆ ಇದು ಸರಿಹೋಗುವುದಿಲ್ಲ. ಅರ್ಧ ಗಂಟೆ ಕೂತು ಕಾರ್ಟನ್ ಒಡೆದು ಫ್ಲೋರಿಗೆ ತರಬೇಕು, ಅಷ್ಟೆ.

ಅದೇ ರಿಪೋರ್ಟ್‌ನಲ್ಲಿ ಬಂದವರೇ 110 ಜನ, ಬಿಲ್ 28 ಆಗಿದ್ದರೆ ಕಥೆ ಬೇರೆ. ಕನ್ವರ್ಷನ್ ಚೆನ್ನಾಗಿದೆ, ಹೊರಗೆ ಮಳೆ ಬಂದಿತ್ತೋ ಮುಂದಿನ ರಸ್ತೆ ಅಗೆದಿದ್ದರೋ. ಅದಕ್ಕೆ ನಿಮ್ಮ ಟೀಮನ್ನು ಬೈದು ಫಲವಿಲ್ಲ. ಇನ್ನೊಂದು ಒಳಗುಟ್ಟು: ಭಾನುವಾರ ಕನ್ವರ್ಷನ್ ಬಿದ್ದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜಿ ಬಂದರೆ ಬಾಗಿಲ ಕೌಂಟರ್ ಐದು ಅನ್ನುತ್ತದೆ, ಬಿಲ್ ಆಗುವುದು ಒಂದೇ. ಭಾನುವಾರವನ್ನು ಹಿಂದಿನ ಭಾನುವಾರದ ಜೊತೆ ಮಾತ್ರ ಹೋಲಿಸಿ.

ಒತ್ತಡದ ಬಗ್ಗೆ ಕೇಳಿದ್ದಕ್ಕೆ ಇದೊಂದು ಎಚ್ಚರಿಕೆ ಹೇಳಲೇಬೇಕು. ತಿಂಗಳ ಕೊನೆಯ ದಿನ 20 ಸಾವಿರ ಕಡಿಮೆ ಬಿದ್ದಾಗ, ‘ನಿನ್ನ ಕಾರ್ಡಿನಲ್ಲಿ ಬಿಲ್ ಮಾಡು, ನಾಡಿದ್ದು ರಿಟರ್ನ್ ಹಾಕೋಣ’ ಎಂದು ಹೇಳುವ ಹಿರಿಯರು ಸಿಗುತ್ತಾರೆ. ಮಾಡಬೇಡಿ. ರಿಟರ್ನ್ ಬಿಲ್‌ಗಳನ್ನು ಆಡಿಟ್‌ನವರು ಮೊದಲು ನೋಡುವುದೇ ತಿಂಗಳ ಮೊದಲ ವಾರದಲ್ಲಿ. ಹಾಗೆಯೇ ಮೊಬೈಲ್ ನಂಬರ್ ಕೊಡದ ಗ್ರಾಹಕರ ಬಿಲ್ಲಿಗೆ ತನ್ನ ನಂಬರ್ ಹಾಕಿ ಲಾಯಲ್ಟಿ ಪಾಯಿಂಟ್ ಕೂಡಿಸಿಕೊಳ್ಳುವುದು. ಎರಡು ಮೂರು ಸಾವಿರದ ಪಾಯಿಂಟಿಗಾಗಿ ಕೆಲಸ ಕಳೆದುಕೊಂಡ ಜಾಣ ಹುಡುಗರನ್ನು ಕಂಡಿದ್ದೇನೆ. ಒಂದೇ ನಂಬರಿಗೆ ತಿಂಗಳಲ್ಲಿ ನಲವತ್ತು ಬಿಲ್ ಬಿದ್ದರೆ ಸಿಸ್ಟಮ್ಮೇ ಪಟ್ಟಿ ಕೊಡುತ್ತದೆ, ಯಾರೂ ಪತ್ತೇದಾರಿ ಮಾಡಬೇಕಿಲ್ಲ.

ಇನ್‌ಸೆಂಟಿವ್ ವಿಚಾರ ಚುಟುಕಾಗಿ: ತರಬೇತಿ ಅವಧಿಯಲ್ಲಿ ಟ್ರೇನಿಗೆ ಇನ್‌ಸೆಂಟಿವ್ ಇಲ್ಲ ಎನ್ನುವ ಕಂಪನಿಗಳು ಬಹಳ. ನಿಮ್ಮ ಜೊತೆ ನಿಂತು ಮಾರುವ ಸೇಲ್ಸ್ ಹುಡುಗನಿಗೆ ದೀಪಾವಳಿ ತಿಂಗಳು ನಿಮಗಿಂತ ಹೆಚ್ಚು ಕೈಗೆ ಬರಬಹುದು. ಮೊದಲೇ ಗೊತ್ತಿದ್ದರೆ ಬೇಸರವಾಗುವುದಿಲ್ಲ.

ಈಗ ಟ್ರೇನಿಗಳು ತಿರುಗಿಯೂ ನೋಡದ, ಆದರೆ ನಿಮ್ಮ ಮುಂದಿನ ಹತ್ತು ವರ್ಷ ನಿರ್ಧರಿಸುವ ಜಾಗಕ್ಕೆ ಬರುತ್ತೇನೆ. ಅದು ಸ್ಟಾಕ್ ರೂಮ್.

ನನ್ನ ಮೊದಲ ವರ್ಷ. ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಗೋಡೌನಿನಿಂದ ಲಾರಿ ಬಂತು. ಕಾಗದದಲ್ಲಿ 46 ಕಾರ್ಟನ್. ಹಮಾಲರು ಇಳಿಸುತ್ತಿದ್ದರು, ಡ್ರೈವರ್‌ಗೆ ಮುಂದಿನ ಊರಿಗೆ ಹೋಗುವ ಅವಸರ, ನನಗೆ ಕೊನೆಯ ಬಸ್ಸಿನ ಚಿಂತೆ. ಎಣಿಸದೆ 46 ಬಂದಿದೆ ಎಂದು ಸಹಿ ಹಾಕಿದೆ. ಮಾರನೇ ದಿನ ಅದೇ ಕಾಗದ ನೋಡಿ ಸಿಸ್ಟಮ್‌ನಲ್ಲಿ ಜಿಆರ್‌ಎನ್, ಅಂದರೆ ಮಾಲು ಬಂದ ದಾಖಲೆಯೂ ಆಯಿತು. ಬಂದಿದ್ದು 45. ಆರು ತಿಂಗಳ ಮೇಲೆ ಮಳಿಗೆಯ ಮಾಲನ್ನೆಲ್ಲ ಎಣಿಸುವ ಸ್ಟಾಕ್ ಟೇಕ್ ಆದಾಗ ಒಂದೇ ಸ್ಟೈಲಿನ ಜೀನ್ಸ್ 38 ಪೀಸ್ ಕಡಿಮೆ. 1,499ರಂತೆ ಎಂಆರ್‌ಪಿ ಲೆಕ್ಕದಲ್ಲಿ ಸುಮಾರು 57 ಸಾವಿರ. ಕಳ್ಳತನ ಎಂದೇ ಎಲ್ಲರೂ ಅಂದರು, ಸೆಕ್ಯೂರಿಟಿಯವನ ಮೇಲೆ ಅನುಮಾನ ಪಟ್ಟರು. ಒಬ್ಬ ಆಡಿಟರ್ ಮಾತ್ರ ಒಂದೇ ಪ್ರಶ್ನೆ ಕೇಳಿದರು: ‘ಈ ಸ್ಟೈಲು ಇಲ್ಲಿ ಒಂದು ಪೀಸಾದರೂ ಮಾರಾಟ ಆಗಿದೆಯೇನ್ರೀ?’ ಆಗಿರಲಿಲ್ಲ. ಒಂದೂ ಮಾರಾಟವಾಗದ ಮಾಲು ಕಳುವಾಗುವುದು ಹೇಗೆ, ಅದು ಮಳಿಗೆಗೆ ಬಂದೇ ಇಲ್ಲ. ಆರು ತಿಂಗಳಾದ ಮೇಲೆ ಟ್ರಾನ್ಸ್‌ಪೋರ್ಟಿನವರನ್ನು ಕೇಳುವ ಹಾಗೂ ಇರಲಿಲ್ಲ, ಕಾಗದದ ಮೇಲೆ ನನ್ನದೇ ಸಹಿ. ಆ ನಷ್ಟ ನಮ್ಮ ಮಳಿಗೆಯ ಲೆಕ್ಕಕ್ಕೆ ಬಿತ್ತು, ಅದರಿಂದ ನಮ್ಮ ಮ್ಯಾನೇಜರರ ವರ್ಷದ ಬೋನಸ್‌ಗೂ ಪೆಟ್ಟು ಬಿತ್ತು. ಅವರು ನನಗೆ ಬೈಯಲಿಲ್ಲ, ಮುಂದಿನ ಮೂರು ತಿಂಗಳು ನನ್ನನ್ನು ಸ್ಟಾಕ್ ರೂಮಿನಿಂದ ಹೊರಗೆ ಬಿಡಲೂ ಇಲ್ಲ. ನನ್ನ ವೃತ್ತಿಯಲ್ಲಿ ಸಿಕ್ಕ ದೊಡ್ಡ ಉಪಕಾರ ಅದು.

ಮಾಡಬೇಕಿದ್ದದ್ದು ಇಷ್ಟೇ. ಲಾರಿಯ ಬಾಗಿಲಿಗೆ ಹಾಕಿದ ಸೀಲ್ ನಂಬರ್ ಕಾಗದದ ನಂಬರಿಗೆ ತಾಳೆಯಾಗುತ್ತದೆಯೇ ನೋಡಬೇಕು, ಕಾರ್ಟನ್‌ಗಳನ್ನು ಐದೈದರ ಸಾಲು ಮಾಡಿ ನಿಲ್ಲಿಸಿ ಎಣಿಸಬೇಕು, ಕಡಿಮೆ ಇದ್ದರೆ ಲಾರಿ ರಸೀದಿಯ ಮೇಲೇ ‘45 ಬಂದಿದೆ, 1 ಇಲ್ಲ’ ಎಂದು ಬರೆದು ಡ್ರೈವರ್ ಸಹಿಯನ್ನೂ ಪಡೆಯಬೇಕು. ಹತ್ತು ನಿಮಿಷದ ಕೆಲಸ.

ಸ್ಟಾಕ್ ಕಡಿಮೆ ಬಂದಾಗ ಅದರ ಆಕಾರ ನೋಡಿದರೆ ಕಾರಣ ಹೇಳಬಹುದು. ಕೊರತೆ ಒಂದೇ ಸ್ಟೈಲಿನಲ್ಲಿ ಗುಡ್ಡೆಯಾಗಿ ಇದ್ದರೆ ಮಾಲು ಇಳಿಸಿಕೊಂಡಾಗಿನ ತಪ್ಪು. ಒಂದು ಸ್ಟೈಲಿನಲ್ಲಿ 12 ಕಡಿಮೆ, ಪಕ್ಕದ ಸ್ಟೈಲಿನಲ್ಲಿ ಸರಿಯಾಗಿ 12 ಹೆಚ್ಚು ಎಂದರೆ ಟ್ಯಾಗ್ ಅದಲು ಬದಲಾಗಿದೆ ಅಥವಾ ಕ್ಯಾಶಿಯರ್ ಒಂದನ್ನೇ ಹಲವು ಸಲ ಸ್ಕ್ಯಾನ್ ಮಾಡಿದ್ದಾನೆ, ಅದು ನಷ್ಟವೇ ಅಲ್ಲ. ಅಲ್ಲೊಂದು ಇಲ್ಲೊಂದು, ಅದೂ ಚೆನ್ನಾಗಿ ಮಾರಾಟವಾಗುವ ಸೈಜಿನಲ್ಲಿ, ಸಣ್ಣದಾಗಿ ಮಡಿಸಿ ಬ್ಯಾಗಿಗೆ ಸೇರುವಂಥ ಬಟ್ಟೆಯಲ್ಲಿ ಕೊರತೆ ಚದುರಿದ್ದರೆ ಆಗ ಮಾತ್ರ ಕಳ್ಳತನದ ಯೋಚನೆ ಮಾಡಿ. ಈ ಕೊರತೆಗೆ ನಮ್ಮಲ್ಲಿ ಶ್ರಿಂಕೇಜ್ ಅನ್ನುತ್ತಾರೆ. ತಿಂಗಳಿಗೆ 60 ಲಕ್ಷ ಮಾರುವ ಮಳಿಗೆಯಲ್ಲಿ ಶೇ 1ರಷ್ಟು ಶ್ರಿಂಕೇಜ್ ಆದರೆ 60 ಸಾವಿರ, ಅಂದರೆ ನಿಮ್ಮಂಥ ಮೂವರು ಟ್ರೇನಿಗಳ ಸಂಬಳ. ಮಾರಾಟ ಹೆಚ್ಚಿಸಿದವನ ಹೆಸರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುತ್ತದೆ, ಚಪ್ಪಾಳೆ ಇಮೋಜಿ ಬೀಳುತ್ತವೆ. ಶ್ರಿಂಕೇಜ್ ಇಳಿಸಿದವನ ಹೆಸರು ಬರುವುದಿಲ್ಲ. ಆದರೆ ಹೊಸ ಮಳಿಗೆಗೆ ಯಾರನ್ನು ಕಳಿಸೋಣ ಎಂದು ಏರಿಯಾ ಮ್ಯಾನೇಜರ್ ಕೂತು ಪಟ್ಟಿ ಮಾಡುವಾಗ ಬರುವ ಹೆಸರು ಎರಡನೆಯವನದು. ಕೀಲಿಕೈ ಕೊಡಬಹುದಾದವನು ಯಾರು ಎಂಬುದೇ ಅಲ್ಲಿನ ಪ್ರಶ್ನೆ.

ಶಿಫ್ಟಿಗೆ ಬರೋಣ. ಬೆಳಿಗ್ಗೆ 10ಕ್ಕೆ ತೆರೆದು ರಾತ್ರಿ 9:30ಕ್ಕೆ ಮುಚ್ಚುವ ಮಳಿಗೆಯಲ್ಲಿ ಸಾಮಾನ್ಯವಾಗಿ ಎರಡು ಪಾಳಿ. ಓಪನಿಂಗ್‌ನವರು 9:30ಕ್ಕೆ ಬಂದು 6:30ಕ್ಕೆ ಹೋಗಬೇಕು, ಕ್ಲೋಸಿಂಗ್‌ನವರು ಮಧ್ಯಾಹ್ನ 1ಕ್ಕೆ ಬಂದು 10ಕ್ಕೆ. ಊಟದ ಒಂದು ಗಂಟೆ ಕಳೆದರೆ ದಿನಕ್ಕೆ 8, ಆರು ದಿನಕ್ಕೆ 48 ಗಂಟೆ. ಕಾಗದದ ಮೇಲೆ ಚೆಂದ.

ಕ್ಲೋಸಿಂಗ್ ದಿನ ನಿಜವಾಗಿ ಹೀಗಿರುತ್ತದೆ. 9:25ಕ್ಕೆ ಒಂದು ಕುಟುಂಬ ಒಳಗೆ ಬರುತ್ತದೆ, ನಾಳೆ ಮದುವೆಗೆ ಹೊರಡಬೇಕು, ಶರ್ಟ್ ಬೇಕೇ ಬೇಕು. ಅವರನ್ನು ಕಳಿಸುವಾಗ 9:50. ಶಟರ್ ಅರ್ಧ ಇಳಿಸಿ ಕ್ಯಾಶ್ ಎಣಿಸಿದರೆ 300 ರೂಪಾಯಿ ಕಡಿಮೆ. ಮತ್ತೆ ಎಣಿಸು, ಯುಪಿಐ ಬಿಲ್ ಯಾವುದನ್ನಾದರೂ ಕ್ಯಾಶ್ ಎಂದು ಒತ್ತಿದ್ದಾರಾ ಹುಡುಕು. ಅಷ್ಟರಲ್ಲಿ ಫ್ಲೋರಿನವರು ಎಳೆದು ಹಾಕಿದ ಬಟ್ಟೆಯನ್ನೆಲ್ಲ ಮಡಿಸಿ ಸೈಜ್ ಪ್ರಕಾರ ಜೋಡಿಸುತ್ತಿರುತ್ತಾರೆ. ಲೈಟ್, ಎಸಿ, ಸಿಬ್ಬಂದಿಯ ಬ್ಯಾಗ್ ತಪಾಸಣೆ, ಬೀಗ, ಬೀಗದ ಮೇಲೆ ಸೀಲು. 10:45. ಮಾರನೇ ದಿನ ನಿಮಗೆ ಓಪನಿಂಗ್ ಹಾಕಿದ್ದರೆ ಬೆಳಿಗ್ಗೆ 9:30ಕ್ಕೆ ಮತ್ತೆ ಅದೇ ಬೀಗದ ಮುಂದೆ. ದೇಹ ಕುಸಿಯುವುದು ಈ ‘ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆ’ ಜೋಡಿಯಿಂದಲೇ. ಪಾಳಿ ಹಂಚುವ ರೋಸ್ಟರ್ ನಿಮ್ಮ ಕೈಗೆ ಬಂದಾಗ ಯಾರಿಗೂ ಈ ಜೋಡಿ ಹಾಕಬೇಡಿ. ಕ್ಲೋಸಿಂಗ್‌ಗಳನ್ನು ಒಟ್ಟಿಗೆ ಇಟ್ಟು, ಕೊನೆಯ ಕ್ಲೋಸಿಂಗ್ ಆದ ಮರುದಿನ ವೀಕಾಫ್ ಕೊಟ್ಟರೆ ಅದು ಬಾರದಂತೆ ತಪ್ಪಿಸಬಹುದು, ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ.

ವೀಕಾಫ್ ಮಂಗಳವಾರವೋ ಬುಧವಾರವೋ ಸಿಗುತ್ತದೆ. ಶನಿವಾರ, ಭಾನುವಾರದ ಆಸೆ ಇಟ್ಟುಕೊಳ್ಳಬೇಡಿ. ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೆ ರಜೆ ಕೇಳುವುದು ಕಷ್ಟ. ಅದಾದ ಮೇಲೆ ಜನವರಿಯಲ್ಲೊಮ್ಮೆ, ಜುಲೈ ಹೊತ್ತಿಗೊಮ್ಮೆ ಸೀಸನ್ ಮುಗಿದ ಸೇಲ್, ನಡುವೆ ಸ್ಟಾಕ್ ಟೇಕ್‌ಗೆ ಒಂದು ರಾತ್ರಿಯಿಡೀ ಜಾಗರಣೆ. ಮನೆಯಲ್ಲಿ ಗೌರಿ ಗಣೇಶಕ್ಕೆ ನೀವೇ ಮೂರ್ತಿ ತರಬೇಕು ಎನ್ನುವ ಪರಿಸ್ಥಿತಿ ಇದ್ದರೆ ಈಗಲೇ ಅಣ್ಣನಿಗೋ ತಮ್ಮನಿಗೋ ವಹಿಸಿ. ಮತ್ತೊಂದು, ಮೊದಲ ಸಂಬಳದಲ್ಲಿ ಒಳ್ಳೆ ಶೂ ತೆಗೆದುಕೊಳ್ಳಿ. ಕೌಂಟರ್ ಹಿಂದೆ ಸ್ಟೂಲ್ ಇಡಲು ಬಿಡುವ ಮಳಿಗೆ ಕಡಿಮೆ.

ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ, ಅದು ನಿಮ್ಮ ಹುದ್ದೆಯ ಹೆಸರಿಗೇ ಸಂಬಂಧಿಸಿದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಕೆಲಸದ ಹೊತ್ತಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಗೆರೆ ಎಳೆದಿದೆ, ಅದರಾಚೆ ದುಡಿಸಿದರೆ ಎರಡರಷ್ಟು ಕೂಲಿ ಕೊಡಬೇಕು, ವಾರಕ್ಕೊಂದು ರಜೆ ಬೇಕು. ಆದರೆ ಆಡಳಿತದ ಸ್ಥಾನದಲ್ಲಿ ಇರುವವರಿಗೆ ಈ ಗಂಟೆಯ ಮಿತಿ ಅನ್ವಯಿಸುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಸೇಲ್ಸ್ ಹುಡುಗನ ಹೆಚ್ಚುವರಿ ಗಂಟೆಗೆ ಲೆಕ್ಕ ಇರುತ್ತದೆ, ‘ಮ್ಯಾನೇಜ್‌ಮೆಂಟ್ ಟ್ರೇನಿ’ಯ ಗಂಟೆಗೆ ಲೆಕ್ಕ ಇರುವುದಿಲ್ಲ ಎನ್ನುವ ಪದ್ಧತಿ ಬೆಳೆದದ್ದು ಈ ಸಂದಿಯಲ್ಲಿ. ಬಟ್ಟೆ ಮಡಿಸುವ ಟ್ರೇನಿ ಆಡಳಿತದ ಸ್ಥಾನದಲ್ಲಿ ಇದ್ದಾನೆಯೇ ಎಂದು ವಾದ ಮಾಡಬಹುದು, ಆದರೆ ಮೊದಲ ವರ್ಷ ಆ ವಾದಕ್ಕೆ ಯಾರೂ ಇಳಿಯುವುದಿಲ್ಲ. ವಾರಕ್ಕೆ ಮೂರು ಕ್ಲೋಸಿಂಗ್, ಪ್ರತಿಸಲ ಮುಕ್ಕಾಲು ಗಂಟೆ ಜಾಸ್ತಿ ಎಂದರೂ ತಿಂಗಳಿಗೆ ಒಂಬತ್ತು ಗಂಟೆ, ಒಂದು ಇಡೀ ದಿನ. 19 ಸಾವಿರವನ್ನು ಈ ದಿನವನ್ನೂ ಸೇರಿಸಿ ಭಾಗಿಸಿ ನೋಡಿ.

ಇನ್ನು ಮೂರು ವರ್ಷದ ಮಾತು. ಅದು ಸುಳ್ಳಲ್ಲ, ಆದರೆ ನಿಮ್ಮ ಸಾಮರ್ಥ್ಯಕ್ಕೆ ಸೇರಿದ ಮಾತೂ ಅಲ್ಲ. ಕುರ್ಚಿಯ ಲೆಕ್ಕ ಅದು.

ಮೆಟ್ಟಿಲು ಹೀಗಿದೆ: ಟ್ರೇನಿ, ಆಮೇಲೆ ಒಂದು ವಿಭಾಗ ನೋಡಿಕೊಳ್ಳುವ ಡಿಪಾರ್ಟ್‌ಮೆಂಟ್ ಮ್ಯಾನೇಜರ್, ಅಲ್ಲಿಂದ ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್, ಸ್ಟೋರ್ ಮ್ಯಾನೇಜರ್, ಎಂಟು ಹತ್ತು ಮಳಿಗೆ ನೋಡುವ ಕ್ಲಸ್ಟರ್ ಮ್ಯಾನೇಜರ್. ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ‘ಎಎಸ್‌ಎಂ’ ಎಂದು ಯಾರಾದರೂ ಪರಿಚಯ ಮಾಡಿಕೊಂಡರೆ ವಿಚಾರಿಸಿ, ಸಾಬೂನು ಬಿಸ್ಕತ್ತಿನ ಕಂಪನಿಯಲ್ಲಿ ಅದು ಏರಿಯಾ ಸೇಲ್ಸ್ ಮ್ಯಾನೇಜರ್, ನಮ್ಮಲ್ಲಿ ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್. ಮದುವೆ ಮಾತುಕತೆಯಲ್ಲಿ ಈ ಗೊಂದಲ ಕೆಲವರಿಗೆ ಅನುಕೂಲವಾದದ್ದೂ ಉಂಟು.

ಒಂದು ಕ್ಲಸ್ಟರಿನಲ್ಲಿ ಹತ್ತು ಮಳಿಗೆ, ಮಳಿಗೆಗೆ ಮೂವರು ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಎಂದುಕೊಳ್ಳಿ. ಮಧ್ಯದ ಅಸಿಸ್ಟೆಂಟ್ ಹುದ್ದೆ ಸದ್ಯಕ್ಕೆ ಬಿಡಿ. 30 ಜನ, 10 ಕುರ್ಚಿ. ವರ್ಷಕ್ಕೆ ಇಬ್ಬರು ಸ್ಟೋರ್ ಮ್ಯಾನೇಜರ್‌ಗಳು ಕೆಲಸ ಬಿಟ್ಟರೆ ಇಬ್ಬರಿಗೆ ಬಡ್ತಿ. ಅದೇ ಗತಿಯಲ್ಲಿ 30ನೆಯವನ ಸರದಿ ಬರುವುದು ಹದಿನೈದನೇ ವರ್ಷಕ್ಕೆ, ಅದೂ ಹೊರಗಿನಿಂದ ಯಾರನ್ನೂ ತೆಗೆದುಕೊಳ್ಳದಿದ್ದರೆ. ಅದೇ ಕ್ಲಸ್ಟರಿನಲ್ಲಿ ವರ್ಷಕ್ಕೆ ನಾಲ್ಕು ಹೊಸ ಮಳಿಗೆ ತೆರೆದರೆ ಆರು ಕುರ್ಚಿ, ಐದು ವರ್ಷಕ್ಕೆ ಎಲ್ಲರ ಸರದಿ ಮುಗಿಯುತ್ತದೆ, ಮುಂದಿರುವವನಿಗೆ ಎರಡು ಮೂರು ವರ್ಷಕ್ಕೇ ಸಿಗುತ್ತದೆ. ನಿಮಗೆ ಆಫರ್ ಕೊಟ್ಟವರು ಹೇಳಿದ ಮೂರು ವರ್ಷ ಈ ಎರಡನೇ ಲೆಕ್ಕದ ಮೂರು ವರ್ಷ.

ಹಾಗಾಗಿ ಕಂಪನಿ ಮಳಿಗೆ ತೆರೆಯುತ್ತಿದೆಯೇ ಇಲ್ಲವೇ ಎಂಬುದು ನಿಮ್ಮ ಬಡ್ತಿಯ ಮೊದಲ ಪ್ರಶ್ನೆ. ಅದನ್ನು ಎಚ್‌ಆರ್ ಬಾಯಿಂದ ಕೇಳುವ ಅಗತ್ಯವಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಮೂರು ತಿಂಗಳಿಗೊಮ್ಮೆ ಫಲಿತಾಂಶದ ಜೊತೆ ಮಳಿಗೆಗಳ ಸಂಖ್ಯೆಯನ್ನೂ ಪ್ರಕಟಿಸುವುದು ರೂಢಿ, ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಯಾರು ಬೇಕಾದರೂ ಓದಬಹುದು. ಉದಾಹರಣೆಗೆ ಡಿಮಾರ್ಟ್ 2024ರ ಮಾರ್ಚ್ ಕೊನೆಗೆ 365 ಮಳಿಗೆ ಇದ್ದದ್ದು 2025ರ ಮಾರ್ಚ್ ಕೊನೆಗೆ 415 ಆಯಿತು. ಅದೇ ಅವಧಿಯಲ್ಲಿ ಝುಡಿಯೊ 545ರಿಂದ 765ಕ್ಕೆ ಹೋಯಿತು. ಮೊದಲನೆಯದರಲ್ಲಿ ಏಳು ಹಳೆ ಮಳಿಗೆಗೆ ಒಂದು ಹೊಸದು, ಎರಡನೆಯದರಲ್ಲಿ ಐದಕ್ಕೆ ಎರಡು. ಯಾವುದು ಒಳ್ಳೆಯ ಕಂಪನಿ ಎಂದು ನಾನು ಹೇಳುತ್ತಿಲ್ಲ. ಡಿಮಾರ್ಟ್ ಮಳಿಗೆ ದೊಡ್ಡದು, ಅಲ್ಲಿನ ಮ್ಯಾನೇಜರ್ ಕೈಕೆಳಗಿನ ಜನ ಮತ್ತು ವ್ಯವಹಾರ ಎಷ್ಟೋ ಪಾಲು ಹೆಚ್ಚು. ನಿಮ್ಮ ಕಂಪನಿಯ ಇಂಥ ಎರಡು ಸಂಖ್ಯೆ ಹುಡುಕಿ, ಹೊಸದಾಗಿ ಸೇರಿದ ಮಳಿಗೆಗಳನ್ನು ಹಳೆಯ ಸಂಖ್ಯೆಯಿಂದ ಭಾಗಿಸಿ. ಹತ್ತಕ್ಕೆ ಒಂದೂ ಇಲ್ಲದಿದ್ದರೆ ಮೂರು ವರ್ಷದ ಮಾತನ್ನು ಆರೇಳು ವರ್ಷ ಎಂದು ತಿದ್ದಿಕೊಳ್ಳಿ.

ಎರಡನೆಯ ಪ್ರಶ್ನೆ, ಹೊಸ ಮಳಿಗೆ ಎಲ್ಲಿ ತೆರೆಯುತ್ತದೆ? ಬೆಂಗಳೂರಿನ ಕೋರಮಂಗಲದಲ್ಲಿ ಅಲ್ಲ. ಗಂಗಾವತಿ, ರಾಣೆಬೆನ್ನೂರು, ಜಮಖಂಡಿಯಂಥ ಊರುಗಳಿಗೆ ಈಗ ಸರಣಿ ಮಳಿಗೆಗಳು ಹೋಗುತ್ತಿವೆ. ಅಲ್ಲಿಗೆ ಹದಿನೈದು ದಿನದ ನೋಟಿಸಿನಲ್ಲಿ ಬ್ಯಾಗ್ ಕಟ್ಟುವವನಿಗೆ ಕುರ್ಚಿ ಬೇಗ ಸಿಗುತ್ತದೆ. ಬೆಂಗಳೂರು ಬಿಟ್ಟು ಬರುವುದಿಲ್ಲ ಎಂದ ನನ್ನ ಬ್ಯಾಚಿನ ಗೆಳೆಯ ನನಗಿಂತ ಚೆನ್ನಾಗಿ ಮಾರುತ್ತಿದ್ದ, ನನಗಿಂತ ನಾಲ್ಕು ವರ್ಷ ತಡವಾಗಿ ಸ್ಟೋರ್ ಮ್ಯಾನೇಜರ್ ಆದ. ನಿಮಗೆ ಹುಬ್ಬಳ್ಳಿ ಬಂದಿರುವುದು ಆ ದೃಷ್ಟಿಯಿಂದ ಕೆಟ್ಟದ್ದೇನಲ್ಲ. ದಾವಣಗೆರೆಗೆ ರೈಲಿದೆ, ಉತ್ತರ ಕರ್ನಾಟಕದ ಹೊಸ ಮಳಿಗೆಗಳಿಗೆ ಜನರನ್ನು ಕಳಿಸುವುದೂ ಹೆಚ್ಚಾಗಿ ಅಲ್ಲಿನ ದೊಡ್ಡ ಮಳಿಗೆಯಿಂದಲೇ. ಹೊಸ ಮಳಿಗೆ ತೆರೆಯುವ ತಂಡಕ್ಕೆ ಎನ್‌ಎಸ್‌ಒ ಎನ್ನುತ್ತಾರೆ. ಖಾಲಿ ಗೋಡೆಯಿಂದ ಹಿಡಿದು ಮೊದಲ ಬಿಲ್‌ವರೆಗೆ ಮೂರು ವಾರ ಆ ತಂಡದ ಜೊತೆ ದುಡಿದರೆ ವರ್ಷದ ತರಬೇತಿಯಲ್ಲಿ ಕಲಿಯದ್ದು ತಿಳಿಯುತ್ತದೆ. ಮೊದಲ ಅವಕಾಶದಲ್ಲೇ ಕೈ ಎತ್ತಿ.

ಮಳಿಗೆಯ ಮೆಟ್ಟಿಲು ಬೇಡ ಎನಿಸಿದರೆ ಪಕ್ಕದ ದಾರಿಗಳೂ ಇವೆ. ಯಾವ ಬಟ್ಟೆ ಎಷ್ಟು ತರಿಸಬೇಕು ಎಂದು ನಿರ್ಧರಿಸುವ ಮರ್ಚಂಡೈಸಿಂಗ್, ಆಡಿಟ್, ಸಪ್ಲೈ ಚೈನ್. ಬಿ.ಕಾಂ ಓದಿದವರಿಗೆ ಆಡಿಟ್ ಸಹಜವಾಗಿ ಒಗ್ಗುತ್ತದೆ. ಆದರೆ ಆ ಬಾಗಿಲು ಸಾಮಾನ್ಯವಾಗಿ ಮಳಿಗೆಯಲ್ಲಿ ಎರಡು ಮೂರು ವರ್ಷ ಕಳೆದವರಿಗೆ ತೆರೆಯುತ್ತದೆ, ಅಲ್ಲಿಯೂ ಕೇಳುವುದು ಸ್ಟಾಕ್ ಬಗ್ಗೆಯೇ.

ಒಂದು ಮಾತು ಇದರ ನಡುವೆ. ನಿಮ್ಮ ವಿಭಾಗದಲ್ಲಿ ಎಂಟು ಹತ್ತು ವರ್ಷದಿಂದ ಇರುವ ಸೀನಿಯರ್ ಸೇಲ್ಸ್‌ನವರು ಒಬ್ಬರಾದರೂ ಇರುತ್ತಾರೆ, ಪಿಯುಸಿ ಓದಿದವರು, ಡಿಗ್ರಿ ಇಲ್ಲವೆಂದು ಬಡ್ತಿ ಸಿಗದವರು. ನಾಳೆ ಅವರಿಗೆ ನೀವು ಸಾಹೇಬರಾಗುತ್ತೀರಿ ಎಂಬುದು ಅವರಿಗೆ ಮೊದಲ ದಿನವೇ ಗೊತ್ತು. ಆ ಕಹಿ ಸಹಜ. ‘ಅಣ್ಣಾ, ಈ ಸ್ಟೈಲು ಯಾಕೆ ಓಡ್ತಿಲ್ಲ ಹೇಳ್ರಿ’ ಎಂದು ಕೇಳಿಕೊಂಡು ಕಲಿತವನಿಗೆ ಅವರು ಇಡೀ ಮಳಿಗೆಯನ್ನು ಕಲಿಸುತ್ತಾರೆ. ಹಾಗೆ ಕೇಳದವನ ಕಾರ್ಟನ್ ಸ್ಟಾಕ್ ರೂಮಿನಲ್ಲೇ ಉಳಿಯುತ್ತದೆ.

ಕಾಗದಗಳ ವಿಷಯ. ಆಫರ್ ಲೆಟರ್‌ನಲ್ಲಿ ‘ಅಪ್ರೆಂಟಿಸ್’ ಎಂಬ ಪದ ಇದೆಯೇ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿ ಮಾಡಿಸಿದರೆ ನಿಮಗೆ ಬರುವುದು ಸ್ಟೈಪೆಂಡ್, ಪಿಎಫ್ ಇರುವುದಿಲ್ಲ, ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಟ್ಟುಪಾಡೂ ಇಲ್ಲ. ಅದು ತಪ್ಪಲ್ಲ, ಆದರೆ ಟ್ರೇನಿ ನೌಕರಿಯೂ ಅದೂ ಒಂದೇ ಅಲ್ಲ. ಬಾಂಡ್ ಇದ್ದರೆ ಎಷ್ಟು ತಿಂಗಳು, ನಡುವೆ ಬಿಟ್ಟರೆ ಎಷ್ಟು ಹಣ ಎಂಬ ಸಂಖ್ಯೆ ಬರವಣಿಗೆಯಲ್ಲಿ ಇರಬೇಕು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಕ್ಯಾಶ್ ಕೊರತೆಯನ್ನು ನಿಮ್ಮ ಸಂಬಳದಿಂದ ಮುರಿಯುವ ಸಾಲು ಇದೆಯೇ, ಇದ್ದರೆ ಮಿತಿ ಎಷ್ಟು ಎಂದೂ ಕೇಳಿ.

ಎಚ್‌ಆರ್‌ಗೆ ಫೋನ್ ಮಾಡಿದಾಗ ‘ಬೆಳವಣಿಗೆ ಹೇಗಿದೆ’ ಎಂದು ಕೇಳಬೇಡಿ, ಉತ್ತರ ನಿಮಗೆ ಈಗಲೇ ಗೊತ್ತು. ಮೂರು ವರ್ಷದ ಹಿಂದೆ ಸೇರಿದ ಟ್ರೇನಿ ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಅವರಲ್ಲಿ ಈಗ ಸ್ಟೋರ್ ಮ್ಯಾನೇಜರ್ ಆಗಿರುವವರು ಎಷ್ಟು, ಯಾವ ಊರಿನಲ್ಲಿ ಎಂದು ಕೇಳಿ. ಇಪ್ಪತ್ತರಲ್ಲಿ ನಾಲ್ಕು ಎಂದರೂ ಅದು ಪ್ರಾಮಾಣಿಕ ಉತ್ತರ, ಅಂಥವರನ್ನು ನಾನು ನಂಬುತ್ತೇನೆ. ‘ಎಲ್ಲಾ ನಿಮ್ಮ ಪರ್ಫಾರ್ಮೆನ್ಸ್ ಮೇಲೆ’ ಎಂದರೆ ಅವರ ಬಳಿ ಸಂಖ್ಯೆ ಇಲ್ಲ ಅಥವಾ ಹೇಳುವಂತಿಲ್ಲ.

ಸಹಿ ಹಾಕುವ ಮೊದಲು ಒಂದು ಶನಿವಾರ ಹುಬ್ಬಳ್ಳಿಗೆ ಹೋಗಿ ಬನ್ನಿ. ಸಂಜೆ ಏಳಕ್ಕೆ ಗಿರಾಕಿಯ ಹಾಗೆ ಮಳಿಗೆಯೊಳಗೆ ಹೋಗಿ ಒಂದು ಶರ್ಟ್ ಆರಿಸಿ ನಿಮ್ಮ ಸೈಜ್ ಕೇಳಿ, ತಂದುಕೊಡಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಆಮೇಲೆ ಹೊರಗೆ ಬಂದು ಚಹಾ ಕುಡಿಯುತ್ತಾ, ಸಿಬ್ಬಂದಿ ಹೊರಡುವ ಹಿಂಬಾಗಿಲ ಎದುರು ಕಾಯಿರಿ. ಕೊನೆಗೆ ಕೀಲಿ ಹಿಡಿದು ಹೊರಬರುವ ಹುಡುಗನ ಕೊರಳಲ್ಲಿ ಟ್ರೇನಿಯ ಬ್ಯಾಡ್ಜ್ ಇರುವ ಸಾಧ್ಯತೆ ಹೆಚ್ಚು. ನಾಳೆ ಎಷ್ಟು ಗಂಟೆಗೆ ಬರಬೇಕು ಎಂದು ಅವನನ್ನು ಕೇಳಿ. ‘ಒಂದು ಗಂಟೆಗೆ’ ಎಂದರೆ ಅಲ್ಲಿನ ಮ್ಯಾನೇಜರ್‌ಗೆ ರೋಸ್ಟರ್ ಹಾಕಲು ಬರುತ್ತದೆ, ಸೇರಿಕೊಳ್ಳಿ. ‘ಒಂಬತ್ತೂವರೆಗೆ’ ಎಂದರೆ ಎಚ್‌ಆರ್‌ಗೆ ಇನ್ನೊಂದು ಫೋನ್ ಮಾಡಿ, ಬೇರೆ ಮಳಿಗೆ ಸಿಗುತ್ತದೆಯೇ ಎಂದು ವಿಚಾರಿಸಿ.